ಗರ್ಭದಲ್ಲಿನ ಹಸಿವು ಮತ್ತು ಎತ್ತರ

"ಸೋಮವಾರಪೇಟೆ ಕಡೆಯವನು. ಅಪ್ಪ ಹೊಟ್ಟೆಯಲ್ಲಿದ್ದಾಗ ಅಜ್ಜಿಗೆ ಸರಿಯಾಗಿ ಊಟ ಇರಲಿಲ್ಲವಂತೆ. ಅಪ್ಪ ಕುಳ್ಳಗಿರೋದು ಅದಕ್ಕೇನಾ?"

ಹುಟ್ಟಿದ ಮೇಲಿನ ಎರಡು ಮೂರು ವರ್ಷದ ಊಟ, ಕಾಯಿಲೆಗಳೇ ಜಾಸ್ತಿ ಕಾರಣ ಇರಬಹುದು. ನೆದರ್ಲ್ಯಾಂಡ್ಸ್‌ನ 1944-45ರ ಕ್ಷಾಮದಲ್ಲಿ ಗರ್ಭದಲ್ಲಿದ್ದ ಹುಡುಗರನ್ನು ಸೇನೆಯ ತಪಾಸಣೆಯಲ್ಲಿ ಅಳೆದಾಗ, ಎತ್ತರ ಹೆಚ್ಚೇನೂ ಕುಗ್ಗಿರಲಿಲ್ಲ. ಕ್ಷಾಮ ಬೇಗ ಮುಗಿದು ಆಮೇಲೆ ಊಟ ಸಿಕ್ಕಿತ್ತು, ಅಲ್ವಾ. ಆದರೆ ಕ್ಷಾಮದ ಹೊತ್ತಿನಲ್ಲೇ ಗರ್ಭದಲ್ಲಿ ಮೂಡಿದವರಲ್ಲಿ, ಆರು ದಶಕದ ನಂತರವೂ, ಬೆಳವಣಿಗೆಯ ಐಜಿಎಫ್2 ಜೀನ್ ಮೇಲಿನ, ಅದರ ಕೆಲಸವನ್ನು ಹೆಚ್ಚು ಕಡಿಮೆ ಮಾಡುವ ಮೀಥೈಲ್ ಎಂಬ ರಾಸಾಯನಿಕ ಗುರುತು ಒಡಹುಟ್ಟಿದವರಿಗಿಂತ ಕಡಿಮೆಯಿತ್ತು. ಗುರುತು ಉಳಿಯುತ್ತದೆ, ನಿಜ. ಅದರಿಂದಲೇ ಕುಳ್ಳಗಾದರು ಅನ್ನೋಕೆ ಅಷ್ಟು ಸಾಲದು.

ಮೊದಲು ಮನೆಯ ಹಿರಿಯರನ್ನು ಕೇಳಿ: ಅಕ್ಕಿಗೆ ತತ್ವಾರ ಕಕ್ಕಡ ತಿಂಗಳ ಮಳೆಯಲ್ಲಿ ಮಾತ್ರವಾ, ಅಪ್ಪ ಹುಟ್ಟಿದ ಮೇಲೂ ಇತ್ತಾ? ಆಮೇಲೆ ಅಪ್ಪನನ್ನೂ ಅವರ ಅಣ್ಣತಮ್ಮಂದಿರನ್ನೂ ಗೋಡೆಗೆ ನಿಲ್ಲಿಸಿ ಅಳೆಯಿರಿ. ಎಲ್ಲರೂ ಕುಳ್ಳಗಿದ್ದರೆ ವಂಶ ಅಥವಾ ಬಾಲ್ಯದ ಊಟ ಕಾರಣ ಇರಬಹುದು. ಅಪ್ಪ ಒಬ್ಬರೇ ಆದರೆ ಗರ್ಭದ ಹಸಿವೂ ಇರಬಹುದು, ಖಚಿತವಾಗಿ ಹೇಳೋಕಾಗಲ್ಲ. ಸುಮ್ನೆ ಜೀನ್ ಪರೀಕ್ಷೆಗೆ ದುಡ್ಡು ಹಾಕಬೇಡಿ.