ಅಜ್ಜಿಯ ‘ಮುಗಿ’, ಪಕ್ಕದ ಮನೆಯ ‘ಕೂಪ್ಪ್’

“ಸರ್, ‘ನಮಸ್ಕಾರದ ಮಹಿಮೆ’ ಅನ್ನುವ ಲೇಖನ ಕಳಿಸಿದ್ದೇನೆ. ಕೈ ಮುಗಿಯುವ ಪದ್ಧತಿ ಎಲ್ಲಿಂದ ಬಂತು, ಅದರ ಅರ್ಥ ಏನು, ಬೇರೆ ದೇಶದವರೂ ಯಾಕೆ ಹೀಗೇ ಮಾಡ್ತಾರೆ ಅಂತ ಬರೆದಿದ್ದೇನೆ. ಎರಡು ಪತ್ರಿಕೆಯವರು ಕಾರಣ ಹೇಳದೆ ವಾಪಸ್ ಕಳಿಸಿದರು. ನೀವಾದರೂ ನೇರವಾಗಿ ಹೇಳಿ.”
— ಬದಿಯಡ್ಕದಿಂದ ಒಬ್ಬ ಬರಹಗಾರ

ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ನಿಮ್ಮ ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ. ಅಜ್ಜಿ ನಿಮಗೆ ‘ದೇವರಿಗೆ ಕೈ ಮುಗಿ’ ಅನ್ನುತ್ತಿದ್ದರು, ಪಕ್ಕದ ಮನೆಯ ಮಲಯಾಳದ ಅಮ್ಮ ತನ್ನ ಮಗಳಿಗೆ ‘ಕೈ ಕೂಪ್ಪ್’ ಅನ್ನುತ್ತಿದ್ದರು. ಇಷ್ಟು ಹೇಳಿ ನೀವು ಮುಂದೆ ಹೋಗಿಬಿಟ್ಟಿದ್ದೀರಿ. ಲೇಖನ ಇರುವುದೇ ಅಲ್ಲಿ.

ನಮ್ಮ ‘ಮುಗಿ’ ಎಂಬ ಮಾತು ಹೂವಿನದು. ತಾವರೆ ಸಂಜೆಗೆ ಮುಗಿಯುತ್ತದೆ ಅನ್ನುತ್ತೇವಲ್ಲ, ಅದೇ ಮಾತು. ಮುಗುಳು, ಮುಗುಳ್ನಗೆ ಎರಡೂ ಅದರ ಬಳಗದವು. ಕೆಲಸ ‘ಮುಗಿಯಿತು’ ಅನ್ನುವಾಗಲೂ ಅರಳಿದ್ದೊಂದು ಮುಚ್ಚಿಕೊಂಡಿತು ಎಂಬ ಚಿತ್ರವೇ ಒಳಗಿದೆ. ಈಗ ಮಲಯಾಳದ ಕಡೆ ನೋಡಿ. ‘ಕೂಪ್ಪ್’ ಬೇರೆ ಬೇರಿನ ಮಾತು, ಆದರೆ ಅದರ ನೆಂಟ ‘ಕೂಂಬ್’ ಅಂದರೆ ಮೊಗ್ಗು. ಬಾಳೆಯ ಪೂಂಬೆಗೆ ಅವರು ‘ವಾಳಕೂಂಬ್’ ಅನ್ನುತ್ತಾರೆ. ತಮಿಳಿನಲ್ಲೂ ‘ಕೂಂಬು’ ಅಂದರೆ ಹೂ ಮುಚ್ಚಿಕೊಳ್ಳುವುದು, ‘ಕೂಪ್ಪು’ ಅಂದರೆ ಕೈ ಜೋಡಿಸುವುದು. ಹಿತ್ತಲಿಗೆ ಹೋಗಿ ಒಂದು ಪೂಂಬೆಯ ಮುಂದೆ ನಿಂತು ಕೈ ಮುಗಿದು ನೋಡಿ. ಕೆಳಗೆ ಅಗಲ, ಮೇಲೆ ಚೂಪು, ನಡುವೆ ಸ್ವಲ್ಪ ಉಬ್ಬು. ಎರಡು ಬೇರೆ ಮಾತುಗಳು ಒಂದೇ ಮೊಗ್ಗನ್ನು ಕಂಡಿವೆ. ಎರಡನ್ನೂ ಕೇಳಿಕೊಂಡು ಬೆಳೆಯುವ ಭಾಗ್ಯ ನಮ್ಮ ಕಾಸರಗೋಡಿನ ಮಕ್ಕಳದು. ನೀವು ಇದನ್ನು ಬಿಟ್ಟು ಬೆರಳ ತುದಿಯ ನರಗಳ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ಆ ಭಾಗವನ್ನು ಪೂರ್ತಿ ತೆಗೆಯಿರಿ. ಕೈ ಮುಗಿದವರು ಯಾರೂ ನರ ಒತ್ತಲಿಕ್ಕೆ ಅಂತ ಮುಗಿಯಲಿಲ್ಲ.

ಇನ್ನು ‘ನಮಸ್ತೇ’. ‘ನನ್ನೊಳಗಿನ ದೈವ ನಿನ್ನೊಳಗಿನ ದೈವಕ್ಕೆ ನಮಿಸುತ್ತದೆ’ ಎಂದು ಅರ್ಥ ಕೊಟ್ಟಿದ್ದೀರಿ. ಚೆಂದದ ಮಾತು, ಆದರೆ ಇತ್ತೀಚಿನ ವ್ಯಾಖ್ಯಾನ. ‘ನಮ್’ ಅಂದರೆ ಬಾಗು. ನಮಃ ತೇ, ನಿನಗೆ ಬಾಗಿದೆ, ಅಷ್ಟೇ. ಅದರಲ್ಲಿ ಕೈಯ ಮಾತೇ ಇಲ್ಲ. ಅಡೂರಿನಲ್ಲೋ ಬೇರೆಲ್ಲೋ ರುದ್ರ ಹೇಳುವುದನ್ನು ನೀವು ಕೇಳಿರುತ್ತೀರಿ. ‘ನಮಸ್ತೇ ರುದ್ರ ಮನ್ಯವೇ’ ಎಂದು ಶುರುವಾಗುತ್ತದೆ. ರುದ್ರನೇ, ನಿನ್ನ ಸಿಟ್ಟಿಗೆ ನಮಸ್ಕಾರ. ಆಮೇಲೆ ಅವನ ಬಾಣಕ್ಕೆ, ಬಿಲ್ಲಿಗೆ, ತೋಳುಗಳಿಗೆ. ಎದುರಿಗಿರುವವನು ದೊಡ್ಡವನು, ಕೋಪ ಬಂದರೆ ಉಳಿಗಾಲವಿಲ್ಲ, ಅದಕ್ಕೆ ಬಾಗುತ್ತೇನೆ ಎಂಬ ಭಾವ ಅದು. ಹಾಗಾಗಿ ಮಾತಿನ ಚರಿತ್ರೆ ಬೇರೆ, ಕೈಯ ಚರಿತ್ರೆ ಬೇರೆ. ನೀವು ಎರಡನ್ನೂ ಒಂದೇ ಮಾಡಿದ್ದರಿಂದ ಲೇಖನ ದಾರಿ ತಪ್ಪಿದೆ.

ಕೈಗೆ ಸಾಕ್ಷಿ ಬೇಕಾದರೆ ಕಲ್ಲು ನೋಡಬೇಕು. ‘ಐದು ಸಾವಿರ ವರ್ಷ’ ಅನ್ನುವುದನ್ನು ಬಿಡಿ, ಕಣ್ಣಾರೆ ತೋರಿಸಬಹುದಾದ್ದನ್ನು ಹೇಳಿ. ಕ್ರಿ.ಪೂ. 2ನೇ ಶತಮಾನದ ಭಾರ್ಹುತ್ ಸ್ತೂಪದ ಕೆತ್ತನೆಯಲ್ಲಿ ಬೋಧಿವೃಕ್ಷದ ಎದುರು ಜನ ಕೈ ಮುಗಿದಿದ್ದಾರೆ. ನಮ್ಮ ವೀರಗಲ್ಲುಗಳಲ್ಲಿ ಮೇಲಿನ ಸಾಲು ನೋಡಿ. ಕೆಳಗೆ ಕತ್ತಿ ಹಿಡಿದು ಹೋರಾಡಿದವನು ಅಲ್ಲಿ ಲಿಂಗದ ಮುಂದೆ ಕೈ ಮುಗಿದು ಕುಳಿತಿರುತ್ತಾನೆ.

‘ಕೈಯಲ್ಲಿ ಆಯುಧ ಇಲ್ಲ ಎಂದು ತೋರಿಸಲು ಹುಟ್ಟಿದ ಪದ್ಧತಿ’ ಎಂದೂ ಬರೆದಿದ್ದೀರಿ. ನೀವೇ ಯೋಚಿಸಿ, ಬರಿಗೈ ತೋರಿಸಬೇಕಾದರೆ ಅಂಗೈ ಬಿಚ್ಚಬೇಕು ಅಲ್ವಾ? ಮುಚ್ಚುವುದು ಯಾಕೆ? ತಿರುಕ್ಕುರಳಿನ 828ನೇ ಕುರಳು ಇದನ್ನೇ ಎಚ್ಚರಿಸುತ್ತದೆ: ಹಗೆಗಳು ಮುಗಿದ ಕೈಯೊಳಗೂ ಆಯುಧ ಅಡಗಿರುತ್ತದೆ, ಅವರ ಕಣ್ಣೀರೂ ಹಾಗೇ.

ಕೊನೆಯ ಭಾಗಕ್ಕೆ ಬರುತ್ತೇನೆ. ಅದೇ ನಿಮ್ಮ ಲೇಖನದ ದೊಡ್ಡ ತೊಂದರೆ. ‘ಎಲ್ಲ ದೇಶಕ್ಕೂ ಇದು ಭಾರತದಿಂದಲೇ ಹೋಯಿತು’ ಅನ್ನುತ್ತೀರಿ. ಥಾಯ್ಲೆಂಡಿನ ಮಟ್ಟಿಗೆ ನೀವು ಹೇಳುವುದು ಸರಿ, ಆದರೆ ಅದಕ್ಕೆ ಪುರಾವೆ ಕೊಟ್ಟಿಲ್ಲ. ಪುರಾವೆ ಕೈಯ ಎತ್ತರದಲ್ಲಿದೆ. ಜೋಡಿಸಿದ ಕೈಗೆ ನಾಟ್ಯಶಾಸ್ತ್ರ ಅಂಜಲಿ ಎಂದು ಹೆಸರಿಟ್ಟು ಮೂರು ಜಾಗ ಹೇಳುತ್ತದೆ. ದೇವರಿಗೆ ತಲೆಯ ಮೇಲೆ, ಗುರುಗಳಿಗೆ ಮುಖದ ಹತ್ತಿರ, ಗೆಳೆಯರಿಗೆ ಎದೆಯ ಮುಂದೆ. ಥಾಯ್ ಜನ ಈ ನಮಸ್ಕಾರಕ್ಕೆ ‘ವಾಯ್’ ಅನ್ನುತ್ತಾರೆ. ಭಿಕ್ಷುಗಳಿಗಾದರೆ ಹೆಬ್ಬೆರಳು ಹುಬ್ಬುಗಳ ನಡುವೆ ಬರಬೇಕು. ತಂದೆ ತಾಯಿ, ಗುರುಗಳಿಗೆ ಮೂಗಿನ ತುದಿಗೆ. ಸಮಾನರಿಗೆ ಇನ್ನೂ ಕೆಳಗೆ. ಅಳತೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವುದಿಲ್ಲ, ಲೆಕ್ಕಾಚಾರ ಮಾತ್ರ ಒಂದೇ. ಬರೀ ಆಕಾರ ಹೊಂದಿದರೆ ಕಾಕತಾಳೀಯ ಅನ್ನಬಹುದು. ಎತ್ತರದ ನಿಯಮವೂ ಬುದ್ಧನ ಮೂರ್ತಿಗಳೂ ಜೊತೆಗೇ ಹೋದ ಮೇಲೆ ಹಾಗೆ ಅನ್ನಲಾಗದು.

ಯುರೋಪಿನ ಕಥೆ ಹೀಗಲ್ಲ. ಮೊದಲ ಕ್ರೈಸ್ತರು ಕೈ ಜೋಡಿಸಿ ಪ್ರಾರ್ಥಿಸುತ್ತಿರಲಿಲ್ಲ. ರೋಮಿನ ನೆಲದಡಿಯ ಸಮಾಧಿಗಳ ಗೋಡೆ ಚಿತ್ರಗಳಲ್ಲಿ ಅವರು ಎರಡೂ ತೋಳು ಚಾಚಿ, ಅಂಗೈ ಬಿಚ್ಚಿ ನಿಂತಿದ್ದಾರೆ. ಜೋಡಿಸಿದ ಕೈ ಅಲ್ಲಿ ಹರಡಿದ್ದು ನೂರಾರು ವರ್ಷಗಳ ನಂತರ. ಆ ಕಾಲದಲ್ಲಿ ಒಬ್ಬ ಸಾಮಂತ ತನ್ನ ಒಡೆಯನ ಮುಂದೆ ಮೊಣಕಾಲೂರಿ, ಕೈ ಜೋಡಿಸಿ, ಅದನ್ನು ಒಡೆಯನ ಎರಡು ಕೈಗಳ ನಡುವೆ ಇಡುತ್ತಿದ್ದ. ಇನ್ನು ನಾನು ನಿನ್ನವನು ಎಂದು ಅರ್ಥ. 757ರಲ್ಲಿ ಬವೇರಿಯಾದ ಟಾಸಿಲೋ ಫ್ರಾಂಕರ ರಾಜ ಪೆಪಿನನಿಗೆ ಹೀಗೆ ಕೈ ಕೊಟ್ಟು ಅಧೀನನಾದ ಎಂದು ಆ ರಾಜ್ಯದ ವಾರ್ಷಿಕ ದಾಖಲೆ ಹೇಳುತ್ತದೆ. ಒಡೆಯನಿಗೆ ಒಪ್ಪಿಸಿದ ಕೈಯೇ ದೇವರಿಗೂ ಒಪ್ಪಿಸುವ ಕೈಯಾಯಿತು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ನನಗೂ ಅದೇ ಸರಿ ಕಾಣುತ್ತದೆ.

ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಪರಿಚಯದ ಒಬ್ಬ ಹುಡುಗ ಚರ್ಚಿನ ಪಾದ್ರಿಯಾಗುವ ಗುರುದೀಕ್ಷೆಗೆ ಹೋಗಿದ್ದೆ. ಅವನು ಮೊಣಕಾಲೂರಿ ಜೋಡಿಸಿದ ಕೈ ಮುಂದೆ ಚಾಚಿದ. ಬಿಷಪರು ತಮ್ಮ ಎರಡು ಕೈಗಳಿಂದ ಅದನ್ನು ಮುಚ್ಚಿ, ವಿಧೇಯನಾಗಿರುತ್ತೀಯಾ ಎಂದು ಕೇಳಿದರು. ಪಕ್ಕದಲ್ಲಿ ಅವನ ಅಮ್ಮ ಕೈ ಮುಗಿದು ನಿಂತಿದ್ದರು. ಎರಡು ಜೋಡಿ ಕೈಗಳ ಆಕಾರ ಒಂದೇ. ಅಮ್ಮನ ಕೈ ನಮ್ಮ ಮೊಗ್ಗು. ಮಗನದು ಒಡೆಯನ ಕೈಗೆ ಕೊಟ್ಟ ಕೈ.

ಹಾಗಾದರೆ ಬೇರೆ ಬೇರೆ ಕಡೆ ಒಂದೇ ರೀತಿ ಯಾಕೆ? ನಾನು ಚಿಕ್ಕವನು ಎಂದು ತೋರಿಸಲು ಮೈಗೆ ಇರುವ ದಾರಿಗಳು ಕಡಿಮೆ. ಬಾಗಬಹುದು, ಮಂಡಿಯೂರಬಹುದು, ಕೈಗಳಿಗೆ ಬೇರೆ ಕೆಲಸ ಇಲ್ಲದಂತೆ ಒಂದಕ್ಕೊಂದು ಸೇರಿಸಿ ಮೈಯ ಹತ್ತಿರ ತಂದುಕೊಳ್ಳಬಹುದು. ಅದಕ್ಕೇ ಒಬ್ಬರನ್ನೊಬ್ಬರು ನೋಡದೆಯೂ ಜನ ಅಲ್ಲಿಗೆ ಬಂದು ಸೇರುತ್ತಾರೆ. ಆದರೆ ಹತ್ತಿರದಿಂದ ನೋಡಿದರೆ ವ್ಯತ್ಯಾಸ ಕಾಣುತ್ತದೆ. ನೀವು ‘ನಮಸ್ತೇ ಮಾಡುತ್ತಿವೆ’ ಎಂದು ಬರೆದ ಇರಾಕಿನ ಟೆಲ್ ಅಸ್ಮಾರ್ ಮೂರ್ತಿಗಳು ನಾಲ್ಕೂವರೆ ಸಾವಿರ ವರ್ಷಕ್ಕೂ ಹಳೆಯವು. ಆದರೆ ಅವು ಎದೆಯ ಮುಂದೆ ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದಿವೆ. ಅಂಗೈಗೆ ಅಂಗೈ ತಾಗಿಲ್ಲ. ಚಿತ್ರ ಇನ್ನೊಮ್ಮೆ ನೋಡಿ.

ಹೊಸ ಪ್ರತಿಯನ್ನು ಪೂಂಬೆಯಿಂದ ಶುರು ಮಾಡಿ. ಮೊಗ್ಗು ಆದ ಮೇಲೆ ಥಾಯ್ಲೆಂಡು, ಆಮೇಲೆ ಯುರೋಪು, ಅಷ್ಟು ಸಾಕು. ಬರೆಯುವ ಮೊದಲು ಆ ಪಕ್ಕದ ಮನೆಯ ಅಮ್ಮನನ್ನು ಒಮ್ಮೆ ಮಾತಾಡಿಸಿ, ‘ಕೂಪ್ಪ್’, ಕೈ ಮುಗಿಯುವುದಕ್ಕೆ ಮಲಯಾಳದಲ್ಲಿರುವ ಇನ್ನೊಂದು ಮಾತಾದ ‘ತೊಳುಗ’, ಎರಡನ್ನೂ ಅವರು ಯಾವಾಗ ಯಾವಾಗ ಹೇಳುತ್ತಾರೆ ಅಂತ ಕೇಳಿ, ಅವರ ಮಾತಲ್ಲೇ ಬರೆದುಕೊಂಡು ಬನ್ನಿ.