ಪಾಪೆ ಸೂಜಿಮೊನೆಯಷ್ಟು, ನಾಡಿ ಮಾತ್ರ 112: ಒಂದು ಕೇಸನ್ನು ಬಿಡಿಸುವ ಬಗೆ

ಪ್ರಶ್ನೆ: ಕಲಬುರಗಿಯಲ್ಲಿ ಎಂಬಿಬಿಎಸ್ ಎರಡನೇ ವರ್ಷ ಓದ್ಲಿಕತ್ತೀನ್ರಿ. ಕೇಸ್ ಪ್ರಶ್ನೆಯೊಳಗ ಕಣ್ಣು, ಎದೆ, ಹೊಟ್ಟೆ, ಸ್ನಾಯು ಎಲ್ಲಾ ಒಮ್ಮೆಲೆ ಕೆಟ್ಟಿದ್ರ ನಾ ಒಂದೊಂದಕ್ಕ ಒಂದೊಂದು ರೋಗ ಹುಡುಕ್ತೀನಿ, ಕಡೀಕ ಯಾವುದೂ ಕೂಡೂದಿಲ್ಲ. ಲಕ್ಷಣದಿಂದ ಮೂಲ ಕಾರಣಕ್ಕ ಹ್ಯಾಂಗ ಹೋಗಬೇಕು?

ಉತ್ತರ: ನಮ್ಮ ಭಾಗದ್ದೇ ಒಂದು ಕೇಸ್ ಕಟ್ಟಿಕೊಳ್ಳೋಣ. ಚಿತ್ತಾಪುರ ಕಡೆಯ 38 ವರ್ಷದ ರೈತ. ತೊಗರಿ ಹೂ ಬಿಡುವ ಕಾಲ. ಸಂಜೆ ಆಸ್ಪತ್ರೆಗೆ ಕರೆತಂದ ತಮ್ಮ ಹೇಳುವುದು ಇಷ್ಟೇ: "ಹೊಲಕ್ಕ ಎಣ್ಣಿ ಹೊಡದು ಬಂದಾನ್ರಿ, ಆಮ್ಯಾಲ ವಾಂತಿ, ಹೊಟ್ಟಿ ಮುರಿತ, ಕಣ್ಣು ಮಂಜು ಅಂದ." ಮೈಯೆಲ್ಲ ಬೆವರಿ ಅಂಗಿ ತೊಯ್ದಿದೆ, ಬಾಯಲ್ಲಿ ನೊರೆ. ಪಾಪೆ ಎರಡೂ ಸೂಜಿಮೊನೆಯಷ್ಟು. ಎರಡೂ ಕಡೆ ಎದೆಯಲ್ಲಿ ಗೊರಗೊರ ಸದ್ದು, ಜೊತೆಗೆ ವೀಜ್. ನಾಡಿ 112, ಉಸಿರು ನಿಮಿಷಕ್ಕೆ 30, ಆಮ್ಲಜನಕ ಶೇ. 82. ಮೀನಖಂಡ ಮತ್ತು ರೆಪ್ಪೆಯ ಸ್ನಾಯುಗಳು ಅಲ್ಲಲ್ಲಿ ಪಟಪಟ ಅದುರುತ್ತಿವೆ. ರೋಗಿ ಮಂಕಾಗಿದ್ದಾನೆ.

ಅಂಗಗಳ ಹೆಸರು ಬರೆಯುವುದನ್ನು ಬಿಟ್ಟು, ಪ್ರತಿ ಅಂಗಕ್ಕೆ ಆ ಕೆಲಸ ಮಾಡು ಎಂದು ಯಾವ ರಾಸಾಯನಿಕ ಹೇಳುತ್ತದೆ ಎಂದು ಬರೆಯಿರಿ. ಪಾಪೆ ಕಿರಿದಾಗಿಸುವುದು ಅಸಿಟೈಲ್‌ಕೋಲಿನ್. ಜೊಲ್ಲು, ಶ್ವಾಸನಾಳದ ಲೋಳೆ, ಶ್ವಾಸನಾಳದ ಬಿಗಿತ, ಕರುಳಿನ ಹಿಂಡಾಟ ಎಲ್ಲವೂ ಅದರದೇ. ಅಸ್ಥಿಸ್ನಾಯುವನ್ನು ಸೆಳೆಸುವುದೂ ಅದೇ. ಐದು ಅಂಗ ಬೇರೆಬೇರೆ ಕಂಡರೂ ಹಿಂದಿನ ಆಜ್ಞೆ ಒಂದೇ, ಮತ್ತು ಅದು ಎಲ್ಲ ಕಡೆ ಮಿತಿಮೀರಿದೆ. ಎಲ್ಲ ಕಡೆ ಒಟ್ಟಿಗೆ ಮಿತಿಮೀರಬೇಕಾದರೆ ಅದನ್ನು ಒಡೆಯುವ ಕಿಣ್ವವೇ ನಿಂತಿರಬೇಕು. ಅಲ್ಲಿಗೆ ಅಸಿಟೈಲ್‌ಕೋಲಿನೆಸ್ಟರೇಸ್, ಅದನ್ನು ಕಟ್ಟಿಹಾಕುವ ಆರ್ಗನೋಫಾಸ್ಫೇಟ್ ಕೀಟನಾಶಕ, ಕೊನೆಗೆ ತೊಗರಿ ಹೊಲ. ನಡೆದದ್ದು ಹೊಲದಿಂದ ಕಣ್ಣಿಗೆ. ನಾವು ಕಣ್ಣಿನಿಂದ ಹೊಲಕ್ಕೆ ಹಿಂದೆ ನಡೆದೆವು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಅಂಕ. ಕೇಸಿನಲ್ಲಿ ಒಂದೆರಡು ಸಂಗತಿ ನಿಮ್ಮ ವಿವರಣೆಗೆ ಎದುರು ನಿಂತಂತೆ ಕಾಣುತ್ತವೆ. ಪರೀಕ್ಷಕರು ಅವನ್ನು ಬೇಕೆಂದೇ ಇಟ್ಟಿರುತ್ತಾರೆ.

ಮೊದಲನೆಯದು ನಾಡಿ. ಅಸಿಟೈಲ್‌ಕೋಲಿನ್ ಹೃದಯವನ್ನು ನಿಧಾನ ಮಾಡಬೇಕಲ್ಲವೇ? ವೇಗಸ್ ನರದ ತುದಿಯಲ್ಲಿ, ಮಸ್ಕರಿನಿಕ್ ಗ್ರಾಹಕದ ಮೇಲೆ, ಹೌದು. ಆದರೆ ಸಿಂಪಥೆಟಿಕ್ ನರಗಂಟುಗಳಲ್ಲೂ ಅಡ್ರಿನಲ್ ಗ್ರಂಥಿಯ ಒಳಭಾಗದಲ್ಲೂ ನಿಕೋಟಿನಿಕ್ ಗ್ರಾಹಕಗಳಿವೆ. ಅಲ್ಲಿ ಅದೇ ಅಸಿಟೈಲ್‌ಕೋಲಿನ್ ಹೃದಯವನ್ನು ಓಡಿಸುತ್ತದೆ, ಜೊತೆಗೆ ಆಮ್ಲಜನಕದ ಕೊರತೆಯೂ ಓಡಿಸುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ರೋಗಿಯಿಂದ ರೋಗಿಗೆ, ಗಂಟೆಯಿಂದ ಗಂಟೆಗೆ ಬದಲು. ನಾಡಿ ವೇಗವಾಗಿದೆ ಎಂದು ಈ ರೋಗನಿರ್ಣಯವನ್ನು ತಳ್ಳಿಹಾಕುವುದು ನಾನು ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ನೋಡುವ ತಪ್ಪು. ಅದಕ್ಕಿಂತ ಅಪಾಯದ ತಪ್ಪು, ನಾಡಿ 112 ಇದೆಯೆಂದು ಅಟ್ರೋಪಿನ್ ಹಿಡಿದಿಡುವುದು.

ಎರಡನೆಯದು ಬೆವರು. ಬೆವರು ಮತ್ತು ಓಡುವ ನಾಡಿ ಸೇರಿದರೆ ಅಡ್ರಿನಲಿನ್ ಉಕ್ಕಿದೆ ಎನಿಸುತ್ತದೆ. ನಮ್ಮ ಹೊಲಗಳಲ್ಲಿ ಚೇಳೂ ಇದೆ, ಆ ಅನುಮಾನ ಸಹಜ. ಇಲ್ಲಿ ತೀರ್ಪು ಕೊಡುವುದು ಪಾಪೆ. ಅಡ್ರಿನಲಿನ್ ಮೇಲುಗೈಯಾಗಿದ್ದರೆ ಪಾಪೆ ಅಗಲವಾಗಬೇಕಿತ್ತು. ಬೆವರಿನ ಗ್ರಂಥಿಗೆ ಹೋಗುವ ನರ ಸಿಂಪಥೆಟಿಕ್ ಆದರೂ ಅದರ ತುದಿಯಲ್ಲಿ ಸುರಿಯುವುದು ಅಸಿಟೈಲ್‌ಕೋಲಿನ್ನೇ. ಹಾಗಾಗಿ ಬೆವರು ನಮ್ಮ ವಿವರಣೆಗೆ ಸಾಕ್ಷಿ, ವಿರೋಧಿ ಅಲ್ಲ. ಅಫೀಮು ಬಗೆಯ ಔಷಧಿಗಳೂ ಪಾಪೆ ಕಿರಿದಾಗಿಸುತ್ತವೆ, ಆದರೆ ಅಲ್ಲಿ ಕರುಳು ಮಲಗಿರುತ್ತದೆ, ಉಸಿರು ನಿಧಾನವಾಗಿರುತ್ತದೆ. ಕಟ್ಟುಹಾವಿನ ಕಡಿತದಲ್ಲಿ ರೆಪ್ಪೆ ಇಳಿಬಿದ್ದು ಸ್ನಾಯು ಸೋಲುತ್ತದೆ, ಆದರೆ ಎದೆ ಹೀಗೆ ಒದ್ದೆಯಾಗುವುದಿಲ್ಲ.

ಈಗ ಉಸಿರು. "ಆಮ್ಲಜನಕ ಏಕೆ ಇಳಿದಿದೆ?" ಎಂಬ ಪ್ರಶ್ನೆಗೆ ಒಂದು ಕಾರಣ ಬರೆದು ಸುಮ್ಮನಾಗಬೇಡಿ. ಲೋಳೆ ತುಂಬಿ ಶ್ವಾಸನಾಳ ಬಿಗಿದಿರುವುದು ಒಂದು, ಎದೆ ಮತ್ತು ವಪೆಯ ಸ್ನಾಯು ಸೋಲುತ್ತಿರುವುದು ಇನ್ನೊಂದು, ಮೆದುಳಿನ ಉಸಿರಾಟ ಕೇಂದ್ರ ಮಂಕಾಗುತ್ತಿರುವುದು ಮತ್ತೊಂದು. ರಕ್ತದ ಅನಿಲ ಪರೀಕ್ಷೆಯಲ್ಲಿ PaCO2 58 ಎಂದು ಕೊಟ್ಟಿದ್ದಾರೆ ಎನ್ನಿ. ಸಹಜ ಮಟ್ಟ 35ರಿಂದ 45. ನಿಮಿಷಕ್ಕೆ 30 ಸಲ ಚೆನ್ನಾಗಿ ಉಸಿರಾಡುವವನಲ್ಲಿ ಅದು 35ಕ್ಕಿಂತ ಕೆಳಗಿರಬೇಕಿತ್ತು. 58 ಎಂದರೆ ಉಸಿರಿನ ಎಣಿಕೆ ಇದೆ, ಗಾಳಿ ಮಾತ್ರ ಸಾಕಷ್ಟು ಆಡುತ್ತಿಲ್ಲ, ವೆಂಟಿಲೇಟರ್ ಹತ್ತಿರದಲ್ಲೇ ಇರಲಿ. ಎದೆಯ ಗೊರಗೊರ ಕೇಳಿ ಹೃದಯ ಸೋತಿದೆಯೆಂದು ಫ್ಯೂರೋಸೆಮೈಡ್ ಬರೆಯುವವರಿದ್ದಾರೆ. ಆ ನೀರು ಬಂದದ್ದು ಗ್ರಂಥಿಗಳಿಂದ, ಹೃದಯದ ಹಿಂದೊತ್ತಡದಿಂದಲ್ಲ; ಅದನ್ನು ನಿಲ್ಲಿಸುವುದು ಅಟ್ರೋಪಿನ್.

ಕಾರಣ ಗೊತ್ತಾದರೆ ಚಿಕಿತ್ಸೆಯ ಮಿತಿಯೂ ಅದರಿಂದಲೇ ಹೊರಡುತ್ತದೆ. ಕೈಗವಸು ಹಾಕಿ ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಿಂದ ತೊಳೆಯುವುದು, ಆಮ್ಲಜನಕ, ಅಟ್ರೋಪಿನ್ ಎಲ್ಲ ಜೊತೆಜೊತೆಗೆ. 0.6 ಮಿಗ್ರಾಂ ಆಂಪೂಲ್ ಮೂರು, ಅಂದರೆ 1.8 ಮಿಗ್ರಾಂ, ರಕ್ತನಾಳಕ್ಕೆ. ಐದು ನಿಮಿಷಕ್ಕೆ ಎದೆ ಕೇಳಿ, ಸುಧಾರಿಸದಿದ್ದರೆ 3.6, ಮತ್ತೆ 7.2, ಹೀಗೆ ಇಮ್ಮಡಿ. ಗುರಿ ಎದೆ ತಿಳಿಯಾಗುವುದು, ಕಂಕುಳು ಒಣಗುವುದು, ನಾಡಿ 80ರ ಮೇಲೆ, ಮೇಲಿನ ರಕ್ತದೊತ್ತಡ 80ರ ಮೇಲೆ. ನಮ್ಮ ರೋಗಿಯ ನಾಡಿ ಮೊದಲೇ 80 ದಾಟಿದೆ, ಆದ್ದರಿಂದ ನಾಡಿಯೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಕಿವಿ ಎದೆಯ ಮೇಲಿರಲಿ. ಪಾಪೆ ತಡವಾಗಿ ಹಿಗ್ಗುತ್ತದೆ, ಅದಕ್ಕಾಗಿ ಕಾಯಬೇಡಿ. ಕೊನೆಗೆ ಬಲಗಡೆ ಕೆಳಭಾಗದಲ್ಲಿ ಮಾತ್ರ ಸದ್ದು ಉಳಿದರೆ ಅದು ವಾಂತಿ ಶ್ವಾಸಕೋಶಕ್ಕೆ ಇಳಿದದ್ದಿರಬಹುದು, ಅದರ ಬೆನ್ನು ಹತ್ತಿ ಅಟ್ರೋಪಿನ್ ಏರಿಸಬಾರದು. ಜ್ವರ ಬಂತು, ಬಡಬಡಿಸುತ್ತಾನೆ, ಕರುಳಿನ ಸದ್ದಿಲ್ಲ ಎಂದರೆ ಅಟ್ರೋಪಿನ್ ಹೆಚ್ಚಾಗಿದೆ; ನಿಲ್ಲಿಸಿ, ಲಕ್ಷಣ ಇಳಿದ ಮೇಲೆ ಕಡಿಮೆ ವೇಗದಲ್ಲಿ ಮತ್ತೆ ಶುರುಮಾಡಬೇಕು.

ಎದೆ ಒಣಗಿದ ಮೇಲೂ ಮೀನಖಂಡ ಅದುರುತ್ತಲೇ ಇರುತ್ತದೆ. ಏಕೆಂದರೆ ಅಟ್ರೋಪಿನ್ ಮುಚ್ಚುವುದು ಮಸ್ಕರಿನಿಕ್ ಬಾಗಿಲನ್ನು, ಸ್ನಾಯುವಿನಲ್ಲಿರುವುದು ನಿಕೋಟಿನಿಕ್. ಅಲ್ಲಿ ಕಿಣ್ವವನ್ನೇ ಬಿಡಿಸಬೇಕು, ಪ್ರಾಲಿಡಾಕ್ಸಿಮ್ ಉದ್ದೇಶ ಅದು. ವಿಷ ಕಿಣ್ವಕ್ಕೆ ಗಟ್ಟಿಯಾಗಿ ಅಂಟಿ 'ಹಳೆಯದಾದ' ಮೇಲೆ ಅದು ಕೆಲಸ ಮಾಡದು, ಮತ್ತು ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಅದರ ಲಾಭ ಒಂದೇ ಸಮ ಕಂಡಿಲ್ಲ.

ಇದೇ ತರ್ಕದಿಂದ ಮೂರನೇ ದಿನದ ಪ್ರಶ್ನೆಯನ್ನೂ ಬಿಡಿಸಬಹುದು. ರೋಗಿ ಎಚ್ಚರವಾಗಿದ್ದಾನೆ, ಎದೆ ಒಣಗಿದೆ, ಆದರೆ ದಿಂಬಿನಿಂದ ತಲೆ ಎತ್ತಲಾರ. ಇದು 24ರಿಂದ 96 ಗಂಟೆಯೊಳಗೆ ಬರುವ ಮಧ್ಯಂತರ ಸಿಂಡ್ರೋಮ್: ನರ ಮತ್ತು ಸ್ನಾಯು ಕೂಡುವಲ್ಲಿ ಅತಿಯಾಗಿ ಪ್ರಚೋದನೆಗೊಂಡ ಗ್ರಾಹಕಗಳು ಸೋತಿವೆ. ಮಸ್ಕರಿನಿಕ್ ಲಕ್ಷಣ ಇಲ್ಲದಿರುವುದರಿಂದ ಇಲ್ಲಿ ಅಟ್ರೋಪಿನ್ ಏರಿಸಿ ಪ್ರಯೋಜನವಿಲ್ಲ. ಕುತ್ತಿಗೆ ಸೋತ ಮೇಲೆ ಉಸಿರಿನ ಸ್ನಾಯುವೂ ಸೋಲಬಹುದು, ಆದ್ದರಿಂದ ದಿನಕ್ಕೆ ಹಲವು ಸಲ ತಲೆ ಎತ್ತಿಸಿ ನೋಡಬೇಕು. ಉಸಿರಿನ ಕೊಳವೆ ಹಾಕುವ ಪ್ರಸಂಗ ಬಂದರೆ ಸಕ್ಸಿನೈಲ್‌ಕೋಲಿನ್ ಬೇಡ: ಅದನ್ನು ಒಡೆಯುವ ಪ್ಲಾಸ್ಮಾದ ಕೋಲಿನೆಸ್ಟರೇಸ್ ಕೂಡ ಇದೇ ವಿಷದಿಂದ ನಿಂತಿರುತ್ತದೆ, ಕೆಲವೇ ನಿಮಿಷದ ಸ್ನಾಯು ಸಡಿಲಿಕೆ ಗಂಟೆಗಟ್ಟಲೆ ಎಳೆಯುತ್ತದೆ. ರೊಕ್ಯೂರೋನಿಯಮ್ ಬರೆಯಿರಿ, ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ.