ಬೇಗ ಹುಟ್ಟಿದ ಮಗುವಿನ ಉದ್ದ: ಯಾವ ಪ್ರಾಯದ ಗೆರೆಗೆ ಹಿಡಿಯಬೇಕು?

ಪ್ರಶ್ನೆ (ಬದಿಯಡ್ಕ): ಬಿಪಿ ಏರಿ 32ನೇ ವಾರಕ್ಕೇ ಸಿಸೇರಿಯನ್ ಆಯಿತು. ಮಗಳು ಆಗ 40 ಸೆಂ.ಮೀ., ಈಗ ಆರು ತಿಂಗಳಿಗೆ 60. ಅಂಗನವಾಡಿಯಲ್ಲಿ ಕುಳ್ಳು ಅಂದರು. ಬಸಿರಲ್ಲಿ ನಾನು ಸರಿಯಾಗಿ ಉಣ್ಣದ್ದೇ ಕಾರಣವಾ? ಎತ್ತರಕ್ಕೆ ಯಾವ ಹುಡಿ ಕೊಡಲಿ?

ಬಿಪಿ, ಬೇಗ ಹೆರಿಗೆ, ಆಮೇಲೆ ಈ ಮಾತು: ನನಗೂ ಗೊತ್ತಿರುವ ದಾರಿಯೇ. ಹುಡಿ ಆಮೇಲೆ ನೋಡೋಣ, ಮೊದಲು ಅಂಗನವಾಡಿಯವರು ಗುರುತು ಹಾಕಿದ ಬೆಳವಣಿಗೆಯ ಚಾರ್ಟ್ ತೆಗೆದು ನೋಡಿ. ನಿಮ್ಮ ಮಗಳು ಕುಳ್ಳಲ್ಲ, ಲೆಕ್ಕ ತಪ್ಪಿದೆ.

ಹುಟ್ಟಿದ ತಾರೀಕು ಹಿಡಿದು ನೋಡಿದರೆ ಆರು ತಿಂಗಳ ಹೆಣ್ಣುಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಕೆಳಗಿನ ಗೆರೆ 61.2 ಸೆಂ.ಮೀ. ಹಾಗಾಗಿ 60 ಕಡಿಮೆ ಕಂಡಿತು. ಆದರೆ ಆ ಚಾರ್ಟ್ ಮಾಡಿದ್ದು ದಿನ ತುಂಬಿ ಹುಟ್ಟಿದ ಮಕ್ಕಳಿಗೆ. ನಿಮ್ಮದು ಎಂಟು ವಾರ ಮೊದಲೇ ಹುಟ್ಟಿದೆ. ಆ ಎಂಟು ವಾರ ಅದು ಹೊಟ್ಟೆಯೊಳಗೇ ಬೆಳೆಯಬೇಕಿತ್ತು. 40ರಿಂದ 32 ಕಳೆದು, ಆ ಎರಡು ತಿಂಗಳನ್ನು ಪ್ರಾಯದಿಂದ ತೆಗೆಯಿರಿ: ಉಳಿಯುವುದು ನಾಲ್ಕು. ನಾಲ್ಕು ತಿಂಗಳಿಗೆ ಸರಾಸರಿ 62.1, ಕೆಳಗಿನ ಗೆರೆ 57.8. 60 ಆರಾಮವಾಗಿ ಒಳಗಿದೆ. ಎರಡು ವರ್ಷ ತುಂಬುವವರೆಗೂ ಪ್ರತಿ ಸಲ ಹೀಗೇ ಕಳೆದು ಗುರುತು ಹಾಕಿಸಿ. ಇದು ಮಾಡದಿದ್ದರೆ ಸುಮ್ಮನೆ ಹೆದರಿಕೆ, ಅದರ ಹಿಂದೆ ಒತ್ತಾಯದ ಊಟ, ವಾಂತಿ.

ಅಳತೆಯನ್ನೂ ನಂಬಬೇಡಿ. ಕಾಲು ಮಡಚಿದ ಮಗುವಿಗೆ ಟೇಪು ಹಿಡಿದರೆ ಒಂದೆರಡು ಸೆಂ.ಮೀ. ಎಲ್ಲೋ ಹೋಗುತ್ತದೆ. ಅಳತೆ ಹಲಗೆಯ ಮೇಲೆ ಮಲಗಿಸಿ, ಒಬ್ಬರು ತಲೆಯನ್ನು ಮೇಲಿನ ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಒತ್ತಿ ಪಾದಕ್ಕೆ ಹಲಗೆ ತರಬೇಕು.

ಇನ್ನು ಊಟದ ಪಾಪಪ್ರಜ್ಞೆ. ತಾಯಿಗೆ ತೂಕ ಕಡಿಮೆ, ರಕ್ತಹೀನತೆ ಇದ್ದರೆ ಮಗು ಸಣ್ಣದಾಗುವುದು ಹೌದು. ಆದರೆ ಬಸಿರಿನ ಬಿಪಿಯಲ್ಲಿ ಹೆಚ್ಚಾಗಿ ಮಾಸಿಗೆ ರಕ್ತ ಒಯ್ಯುವ ನಾಳಗಳೇ ಮೊದಲಿಂದ ಸರಿಯಾಗಿ ಅಗಲವಾಗಿರುವುದಿಲ್ಲ. ನೀವು ಎರಡು ಬಟ್ಟಲು ಹೆಚ್ಚು ಉಂಡಿದ್ದರೂ ಅದು ತೆರೆಯುತ್ತಿರಲಿಲ್ಲ. 32 ವಾರಕ್ಕೆ 41-42 ಸೆಂ.ಮೀ. ಸಾಮಾನ್ಯ, ನಿಮ್ಮ ಮಗಳು ಸ್ವಲ್ಪವೇ ಕಡಿಮೆ.

ಎತ್ತರ ಕೊಡುವ ಹುಡಿ ಅಂತ ಒಂದಿಲ್ಲ. ಡಾಕ್ಟರು ಬರೆದ ಕಬ್ಬಿಣದ ಮತ್ತು ವಿಟಮಿನ್ ಡಿ ಹನಿ ಬಿಡಬೇಡಿ, ಬೇಗ ಹುಟ್ಟಿದವರಿಗೆ ಸಂಗ್ರಹ ಕಡಿಮೆ. ರಾಗಿ ಮಣ್ಣಿಯೋ ಅಮೃತಂ ಹುಡಿಯೋ, ಕುತ್ತಿಗೆ ನಿಂತ ಮೇಲೆ ಡಾಕ್ಟರನ್ನು ಕೇಳಿ ಶುರು ಮಾಡಿ.

ಒಂದು ಅಳತೆಗಿಂತ ಗೆರೆಯ ದಿಕ್ಕು ಮುಖ್ಯ. ಗುರುತುಗಳು ಗೆರೆ ದಾಟಿ ಕೆಳಗೆ ಇಳಿಯುತ್ತಿದ್ದರೆ ಕಾಯದೆ ತೋರಿಸಿ. ವಾರ ಕಳೆದ ಲೆಕ್ಕದಲ್ಲೂ ಎರಡು ವರ್ಷಕ್ಕೆ ಕೆಳಗಿನ ಗೆರೆಗಿಂತ ಕೆಳಗಿದ್ದರೆ ಮಕ್ಕಳ ಹಾರ್ಮೋನ್ ತಜ್ಞರ ಹತ್ತಿರ ಹೋಗಬೇಕು. ಸಣ್ಣದಾಗಿ ಹುಟ್ಟಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯಷ್ಟು ಅಷ್ಟರಲ್ಲಿ ಸರಿಹೊಂದುತ್ತಾರೆ, ತೀರಾ ಬೇಗ ಹುಟ್ಟಿದವರಿಗೆ ಇನ್ನೂ ಸ್ವಲ್ಪ ಸಮಯ ಬೇಕಾಗಬಹುದು.

ಮುಂದಿನ ಬಸಿರಿಗೆ ಮಾತ್ರ ಮೊದಲ ತಪಾಸಣೆಯಲ್ಲೇ ಈ ಬಿಪಿಯ ಕಥೆ ಹೇಳಿ. ದಿನಕ್ಕೊಂದು ಸಣ್ಣ ಆಸ್ಪಿರಿನ್ ಬೇಕೇ ಎಂದು ಅವರು ಆಗಲೇ ತೀರ್ಮಾನಿಸಬೇಕು, 20 ವಾರ ದಾಟಿದ ಮೇಲೆ ಶುರು ಮಾಡಿದರೆ ಅದರ ಉಪಯೋಗ ಕಡಿಮೆ.